ಎಲೆಯಡಿಯ ಬಲೆ ಜೇಡನದಲ್ಲ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ನಂಜನಗೂಡು, ತಿ. ನರಸೀಪುರ ಕಡೆಯ ಮನೆಗಳಲ್ಲಿ ಕುಂಡದ ಗಿಡಗಳು ಮಂಕಾಗುತ್ತವೆ. ಹಜಾರದ ಅರೆಕಾ ಪಾಮ್, ಕಿಟಕಿ ಪಕ್ಕದ ಕ್ರೋಟನ್, ಜಗುಲಿಯ ಗುಲಾಬಿ, ಕೆಲವೊಮ್ಮೆ ತುಳಸಿಯೂ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಹಳದಿ ಚುಕ್ಕೆಗಳು. ಮಗುಚಿ ನೋಡಿದರೆ ನರದ ಪಕ್ಕದಲ್ಲಿ ಧೂಳು ಹಿಡಿದ ನವಿರಾದ ಬಲೆ. ಇದು ನುಸಿಯ ಕಾಟ. ಇದರ ಬಗ್ಗೆ ನಮ್ಮಲ್ಲಿರುವ ಕೆಲವು ನಂಬಿಕೆಗಳೇ ಗಿಡವನ್ನು ಅರ್ಧ ಕೊಲ್ಲುತ್ತಿವೆ.

ನಂಬಿಕೆ: ಇದು ಜೇಡರ ಬಲೆ, ಒರೆಸಿಬಿಟ್ಟರೆ ಆಯಿತು.

ಬಲೆ ಕಟ್ಟಿದ್ದು ನುಸಿ. ಅದಕ್ಕೂ ಜೇಡದಂತೆ ಎಂಟು ಕಾಲು, ಆದರೆ ಮೈ ಅರ್ಧ ಮಿಲಿಮೀಟರ್ ಮಾತ್ರ. ಜೇಡ ಬೇಟೆಗಾಗಿ ಬಲೆ ಕಟ್ಟಿದರೆ ನುಸಿ ತನ್ನ ಮೊಟ್ಟೆ, ಮರಿಗಳಿಗೆ ಆಸರೆಯಾಗಿ ಕಟ್ಟುತ್ತದೆ. ಆ ಮರೆಯಲ್ಲಿ ಕೂತು ಎಲೆಯ ಒಳಗಿನ ಕೋಶಗಳಿಗೆ ಬಾಯಿ ಚುಚ್ಚಿ ಹಸಿರನ್ನು ಹೀರುತ್ತದೆ. ಹಳದಿ ಚುಕ್ಕೆಗಳು ಬರಿದಾದ ಕೋಶಗಳ ಗುರುತು. ಬಲೆ ಕಣ್ಣಿಗೆ ಬೀಳುವ ಹೊತ್ತಿಗೆ ನುಸಿ ಗಿಡದಲ್ಲಿ ತುಂಬಾ ಹೆಚ್ಚಿರುತ್ತದೆ.

ಅನುಮಾನವಿದ್ದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಬೆರಳಿನಿಂದ ತಟ್ಟಿ, ಒಂದು ನಿಮಿಷ ಕಾಯಿರಿ. ಉದುರಿದ ಚುಕ್ಕೆಗಳು ಅಲ್ಲೇ ಇದ್ದರೆ ಧೂಳು, ನಿಧಾನಕ್ಕೆ ತೆವಳಿದರೆ ನುಸಿ. ಮಲ್ಲಿಗೆ ಬೆಳೆಸುವವರು ಇನ್ನೊಂದನ್ನು ಗಮನಿಸಬೇಕು. ಅದರ ಎಲೆ, ಮೊಗ್ಗಿನ ಮೇಲೆ ಬಿಳಿ ಉಣ್ಣೆಯಂತೆ ಬೆಳೆಯುವುದು ಬಲೆಯಲ್ಲ. ಅದಕ್ಕೆ ಕಾರಣ ಬೇರೆ ಜಾತಿಯ, ಬರಿಗಣ್ಣಿಗೆ ಕಾಣದ ನುಸಿ. ಅಂಥ ಭಾಗವನ್ನು ಕತ್ತರಿಸಿ ತೆಗೆಯಬೇಕು, ತೊಳೆದರೆ ಹೋಗುವುದಿಲ್ಲ.

ನಂಬಿಕೆ: ನುಸಿ ಹೆಚ್ಚುವುದು ಒಣಗಾಳಿಗಂತೆ, ಹೊಳೆ ಪಕ್ಕದ ಊರಲ್ಲಿ ಒಣಗಾಳಿ ಎಲ್ಲಿಂದ ಬಂತು?

ನಂಜನಗೂಡಿಗೆ ಕಪಿಲೆ, ನರಸೀಪುರಕ್ಕೆ ಕಪಿಲೆ, ಕಾವೇರಿಯರ ಸಂಗಮವೇ ಇದೆ. ಆದರೂ ಬೇಸಿಗೆಯ ಮಧ್ಯಾಹ್ನ ಮನೆಯೊಳಗಿನ ಗಾಳಿ ಒಣಗುತ್ತದೆ. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹಿಡಿಯಬಲ್ಲದು, ಹಾಗಾಗಿ ಇರುವ ಆವಿ ಅಷ್ಟೇ ಇದ್ದರೂ ತೇವಾಂಶದ ಪ್ರಮಾಣ ಕುಸಿಯುತ್ತದೆ. ಬೆಳಿಗ್ಗೆ 24 ಡಿಗ್ರಿಯಲ್ಲಿ ಶೇ. 60 ತೇವಾಂಶವಿದ್ದ ಕೋಣೆ, ತಾರಸಿ ಕಾದು ಮಧ್ಯಾಹ್ನ 34 ಡಿಗ್ರಿಗೆ ಬಂದರೆ, ಒಂದು ಹನಿ ನೀರೂ ಹೊರಹೋಗದೆ ಶೇ. 35ರ ಆಸುಪಾಸಿಗೆ ಇಳಿದಿರುತ್ತದೆ.

ನುಸಿಗೆ ಬೇಕಾಗಿರುವುದೇ ಇದು. ಒಣಗಾಳಿಯಲ್ಲಿ ಅದು ಹೀರಿದ ರಸದ ಹೆಚ್ಚುವರಿ ನೀರನ್ನು ಸಲೀಸಾಗಿ ಕಳೆದುಕೊಳ್ಳುತ್ತದೆ. ಹಾಗಾಗಿ ಇನ್ನಷ್ಟು ಹೀರಿ ಇನ್ನಷ್ಟು ಮೊಟ್ಟೆ ಇಡುತ್ತದೆ. 30 ಡಿಗ್ರಿಯ ಸೆಕೆಯಲ್ಲಿ ಮೊಟ್ಟೆ ಒಂದು ವಾರದ ಸುಮಾರಿಗೆ ದೊಡ್ಡ ನುಸಿಯಾಗುತ್ತದೆ. ಜೊತೆಗೆ, ನುಸಿ ತಿನ್ನುವ ಸಣ್ಣ ಬೇಟೆ ನುಸಿಗಳ ಮೊಟ್ಟೆ ಒಡೆಯಲು ತೇವ ಬೇಕು. ಗಾಳಿ ಒಣಗಿದಾಗ ಅವು ಸೋಲುತ್ತವೆ.

ನಂಬಿಕೆ: ಬೆಳಿಗ್ಗೆ, ಸಂಜೆ ನೀರು ಸಿಂಪಡಿಸಿದರೆ ತೇವ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆ ಎಂದರೆ ಸುಮಾರು 34 ಘನ ಮೀಟರ್ ಗಾಳಿ. 32 ಡಿಗ್ರಿಯಲ್ಲಿ ಆ ಗಾಳಿಯ ತೇವಾಂಶವನ್ನು ಶೇ. 30ರಿಂದ 60ಕ್ಕೆ ಏರಿಸಲು ಸುಮಾರು 350 ಮಿ.ಲೀ. ನೀರು ಆವಿಯಾಗಬೇಕು. ಕಿಟಕಿ ತೆರೆದು ಫ್ಯಾನ್ ಹಾಕಿದ ಮನೆಯಲ್ಲಿ ಒಳಗಿನ ಗಾಳಿ ಗಂಟೆಗೆ ಎರಡು ಬಾರಿ ಬದಲಾಗುತ್ತದೆ ಎಂದಿಟ್ಟುಕೊಂಡರೂ ಪ್ರತಿ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಬೇಕು. ಕೈಪಂಪಿನಿಂದ ಒಂದು ಸಲ ಸಿಂಪಡಿಸುವುದು 50 ಮಿ.ಲೀ. ಇದ್ದರೆ ಹೆಚ್ಚು. ಅದೂ ಸ್ವಲ್ಪ ಹೊತ್ತಿಗೆ ಹಾರಿಹೋಗುತ್ತದೆ. ಕುಂಡದ ಕೆಳಗೆ ಬೆಣಚುಕಲ್ಲು, ನೀರು ಇಟ್ಟ ತಟ್ಟೆಯಿಂದ ಇಡೀ ದಿನಕ್ಕೆ ಆವಿಯಾಗುವುದು ಒಂದೆರಡು ಲೋಟ. ಕೋಣೆಯನ್ನು ತೇವ ಮಾಡುವ ಈ ಪ್ರಯತ್ನ ಹೊಳೆಗೆ ಉಪ್ಪು ಸುರಿದಂತೆ.

ದಾರಿ ನಮ್ಮ ರೇಷ್ಮೆ ಬೆಳೆಗಾರರಿಗೆ ಗೊತ್ತಿದೆ. ನರಸೀಪುರದ ಸುತ್ತ ಹಿಪ್ಪುನೇರಳೆ ತೋಟಗಳಿವೆ, ಊರಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯೂ ನಡೆದಿದೆ. ಚಾಕಿ ಹುಳುಗಳಿಗೆ, ಅಂದರೆ ಎಳೆಯ ರೇಷ್ಮೆ ಹುಳುಗಳಿಗೆ, ಶೇ. 80ಕ್ಕಿಂತ ಹೆಚ್ಚು ತೇವಾಂಶ ಬೇಕು. ಅದಕ್ಕೆ ಅವರು ಇಡೀ ಮನೆಯ ಗಾಳಿಯನ್ನೇ ನಂಬಿ ಕೂರುವುದಿಲ್ಲ. ತಟ್ಟೆಯ ಮೇಲೆ ಮೇಣದ ಕಾಗದ ಮುಚ್ಚಿ, ಅಂಚಿನ ಸುತ್ತ ಒದ್ದೆ ಫೋಮ್ ಪಟ್ಟಿ ಇಟ್ಟು, ಹುಳುವಿನ ಸುತ್ತಲ ಆ ಒಂದು ಗೇಣು ಗಾಳಿಯನ್ನು ಮಾತ್ರ ತೇವವಾಗಿಡುತ್ತಾರೆ. ಸೊಪ್ಪು ಬಾಡುವುದೂ ಅದರಿಂದ ತಪ್ಪುತ್ತದೆ.

ಕುಂಡಕ್ಕೂ ಅದೇ ಉಪಾಯ. ನಾಲ್ಕು ಕಡ್ಡಿ ಚುಚ್ಚಿ ತೆಳು ಪ್ಲಾಸ್ಟಿಕ್ ಹೊದಿಸಿದರೆ ಒಳಗಿನ ಗಾಳಿಗೆ ಮೂರು ಮಿ.ಲೀ. ನೀರಾವಿ ಸಾಕು, ಗಿಡವೇ ಎಲೆಯಿಂದ ಅಷ್ಟನ್ನು ಬಿಡುತ್ತದೆ. ಈ ಹೊದಿಕೆ ನೆರಳಲ್ಲೇ ಇರಬೇಕು. ಬಿಸಿಲು ತಾಗಿದರೆ ಒಳಗೆ ಗಿಡ ಬೆಂದುಹೋಗುತ್ತದೆ. ದಿನಕ್ಕೆ ಅರ್ಧ ಗಂಟೆ ತೆರೆದಿಡಿ, ಇಲ್ಲದಿದ್ದರೆ ಶಿಲೀಂಧ್ರ ಹಿಡಿಯುತ್ತದೆ. ಗುಲಾಬಿಗೆ ಬೂದಿರೋಗ ಬೇಗ ಬರುವುದರಿಂದ ಅದಕ್ಕೆ ಹೊದಿಕೆ ಬೇಡ. ಅದನ್ನೂ ತುಳಸಿಯನ್ನೂ ಉಳಿದ ಕುಂಡಗಳ ಜೊತೆ ಒತ್ತೊತ್ತಾಗಿ, ಫ್ಯಾನಿನ ಗಾಳಿ ನೇರ ಬಡಿಯದಂತೆ, ಬೆಳಕಿರುವ ಕಡೆ ಇಟ್ಟು ನೆಲಕ್ಕೆ ನೀರು ಚಿಮುಕಿಸಿ. ಅರೆಕಾ ಪಾಮನ್ನು ಬೆಳಕು ಬೀಳುವ ಬಚ್ಚಲುಮನೆಯಲ್ಲಿ ಒಂದೆರಡು ವಾರ ಇಡಬಹುದು.

ಒಂದು ಮಾತು ಮುಖ್ಯ: ತೇವ ನುಸಿಯ ವೇಗ ತಗ್ಗಿಸುತ್ತದೆ, ಇರುವ ನುಸಿಯನ್ನು ಕೊಲ್ಲುವುದಿಲ್ಲ. ತೆಗೆಯಬೇಕಾದದ್ದು ಕೈಯಿಂದ. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡವನ್ನು ಓರೆ ಮಾಡಿ, ಪೈಪಿನ ನೀರನ್ನು ಕೆಳಗಿನಿಂದ ಎಲೆಯಡಿಗೆ ಜೋರಾಗಿ ಬಿಡಿ. ಬಲೆಯನ್ನು ಬೆರಳಿನಿಂದ ಉಜ್ಜಿ, ಇಲ್ಲದಿದ್ದರೆ ಮೊಟ್ಟೆ ಅಲ್ಲೇ ಅಂಟಿರುತ್ತದೆ. ಹೀಗೆ ಮಾಡಿದರೂ ಕೆಲವು ಮೊಟ್ಟೆ ಉಳಿದು ಮೂರು ನಾಲ್ಕು ದಿನಕ್ಕೆ ಒಡೆಯುತ್ತವೆ. ಆದ್ದರಿಂದ ಮೂರು ದಿನಕ್ಕೊಮ್ಮೆಯಂತೆ ನಾಲ್ಕು ಸಲ ತೊಳೆಯಬೇಕು. ಒಂದು ಸಲ ತೊಳೆದು, ಚೆನ್ನಾಗಿದೆ ಎಂದು ಬಿಟ್ಟವರ ಗಿಡಕ್ಕೇ ಹತ್ತು ದಿನದಲ್ಲಿ ಬಲೆ ಮರಳುವುದು.

ನಂಬಿಕೆ: ಅಂಗಡಿಯ ಯಾವುದಾದರೂ ಕೀಟನಾಶಕ ಹೊಡೆದರೆ ಸಾಯುತ್ತದೆ.

ನುಸಿ ಕೀಟವಲ್ಲ, ಜೇಡನ ಬಳಗದ್ದು. ಗಿಡಹೇನಿಗೆ ಬಳಸುವ ಇಮಿಡಾಕ್ಲೋಪ್ರಿಡ್ ಇದನ್ನು ಕೊಲ್ಲದು. ಅದನ್ನು ಹೊಡೆದ ಮೇಲೆ ನುಸಿ ಹೆಚ್ಚಿದ್ದೂ ಉಂಟು. ನೀರಿನಲ್ಲಿ ಬೆರೆಯುವ ಗಂಧಕ ನುಸಿಗೆ ಕೆಲಸ ಮಾಡುತ್ತದೆ, ಆದರೆ 32 ಡಿಗ್ರಿ ದಾಟಿದ ದಿನ ಅದೇ ಎಲೆ ಸುಡುತ್ತದೆ. ನಮ್ಮ ಕಡೆ ನುಸಿ ಬರುವುದೇ ಅಂಥ ದಿನಗಳಲ್ಲಿ. ಬೇವಿನೆಣ್ಣೆ ಮನೆಗಿಡಕ್ಕೆ ಸರಿ. ಆದರೆ ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಹುಳು ಸಾಕುತ್ತಿದ್ದರೆ ಬೇವು ಮತ್ತು ಎಲ್ಲ ಸಿಂಪಡಣೆಯನ್ನೂ ಬಿಟ್ಟುಬಿಡಿ. ಬೇವಿನ ಅಂಶ ತಾಗಿದ ಸೊಪ್ಪು ತಿಂದ ರೇಷ್ಮೆ ಹುಳು ಸರಿಯಾಗಿ ಬೆಳೆಯುವುದಿಲ್ಲ, ಕೀಟನಾಶಕದ ತುಂತುರು ಬಿದ್ದರೆ ಇಡೀ ಬೆಳೆ ಹೋಗಬಹುದು. ಅಲ್ಲಿ ನೀರೊಂದೇ ಮದ್ದು. ತುಳಸಿಗೂ ಅಷ್ಟೇ, ಅದರ ದಳ ಬಾಯಿಗೆ ಹೋಗುವಂಥದ್ದು.

ತೊಳೆದ ಮೇಲೆ ಹಳೆಯ ಎಲೆ ಮತ್ತೆ ಹಸಿರಾಗುತ್ತದೆ ಎಂದು ಕಾಯಬೇಡಿ, ಬರಿದಾದ ಕೋಶ ತುಂಬುವುದಿಲ್ಲ. ನೋಡಬೇಕಾದದ್ದು ಹೊಸ ಚಿಗುರನ್ನು. ವಾರದ ಅಂತರದಲ್ಲಿ ಎರಡು ಸಲ ಬಿಳಿ ಕಾಗದ ಹಿಡಿದು ತಟ್ಟಿದಾಗಲೂ ಏನೂ ತೆವಳದಿದ್ದರೆ ಗಿಡವನ್ನು ಅದರ ಹಳೆಯ ಜಾಗಕ್ಕೆ ಇಡಬಹುದು. ತುದಿಯೆಲ್ಲ ಬಲೆಯಿಂದ ಸುತ್ತಿಹೋದ ಕೊಂಬೆಯನ್ನು ಉಳಿಸಲು ಹೋಗದೆ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ತಿಪ್ಪೆಗೆ ಎಸೆದರೆ ನುಸಿ ನೂಲಿನ ಎಳೆ ಹಿಡಿದು ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆಗೋ ಬದನೆಗೋ ಹೋಗಿ ಕೂರುತ್ತದೆ.