ಒಂದು ಅಮಾವಾಸ್ಯೆ, ನಾಲ್ಕು ಪ್ರಶ್ನೆಗಳು: ಲಂಡನ್ನಿನಲ್ಲಿ ಯುಗಾದಿ, ಈದ್, ಪೆಸಾಹ್ ಮತ್ತು ಈಸ್ಟರ್ ದಿನಗಳ ನಿರ್ಣಯ

2025ರ ಮಾರ್ಚ್ 29, ಶನಿವಾರ ಬೆಳಿಗ್ಗೆ ಲಂಡನ್ನಿನಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣಿಸಿತು. ಹನ್ನೊಂದು ಗಂಟೆಯ ವೇಳೆಗೆ ಸೂರ್ಯಬಿಂಬದ ನೂರರಲ್ಲಿ ಸುಮಾರು ಮೂವತ್ತು ಪಾಲು ಮುಚ್ಚಿತ್ತು. ಸಾಮಾನ್ಯವಾಗಿ ಕಣ್ಣಿಗೆ ಬೀಳದ ಅಮಾವಾಸ್ಯೆಯ ಅಂತ್ಯಕ್ಷಣ ಆ ದಿನ ನಗರದವರೆಲ್ಲರಿಗೂ ಬಹುಮಟ್ಟಿಗೆ ಪ್ರತ್ಯಕ್ಷವಾಗಿತ್ತು. ಭೂಕೇಂದ್ರದಿಂದ ಗಣಿಸಿದ ಸೂರ್ಯಚಂದ್ರರ ಯುತಿ ಸಂಭವಿಸಿದ್ದು ಗ್ರೀನಿಚ್ ಕಾಲ 10 ಗಂಟೆ 58 ನಿಮಿಷಕ್ಕೆ. ಗ್ರಹಣಮಧ್ಯಕ್ಕೂ ಈ ಕ್ಷಣಕ್ಕೂ ಇರುವ ಕೆಲವು ನಿಮಿಷಗಳ ಅಂತರವನ್ನು ನಮ್ಮ ಸಿದ್ಧಾಂತಗ್ರಂಥಗಳು ಲಂಬನವೆಂದು ಕರೆಯುತ್ತವೆ.

ಈ ಒಂದೇ ಅಮಾವಾಸ್ಯೆಯ ಬೆನ್ನಿಗೆ ನಾಲ್ಕು ಪರಂಪರೆಗಳ ಹಬ್ಬಗಳು ಬಂದವು. ಲಂಡನ್ನಿನ ಕನ್ನಡಿಗರ ಯುಗಾದಿ ಮಾರ್ಚ್ 30ರಂದು ಬಂದಿತು. ಅದೇ ನಗರದ ಮುಸ್ಲಿಮರಲ್ಲಿ ಕೆಲವರು 30ರಂದು, ಕೆಲವರು 31ರಂದು ಈದ್ ಆಚರಿಸಿದರು. ಯಹೂದಿಗಳ ನಿಸಾನ್ ಮಾಸ 30ರಂದು ಆರಂಭವಾಗಿ, ಪೆಸಾಹ್ ಹಬ್ಬದ ಮೊದಲ ದಿನ ಏಪ್ರಿಲ್ 13ಕ್ಕೆ ನಿಂತಿತು. ಕ್ರೈಸ್ತರ ಈಸ್ಟರ್ ಏಪ್ರಿಲ್ 20ಕ್ಕೆ ಬಿತ್ತು. ಚಂದ್ರನ ಗತಿಯ ಬಗ್ಗೆ ಈ ನಾಲ್ಕು ಪರಂಪರೆಗಳಿಗೆ ಭಿನ್ನಾಭಿಪ್ರಾಯವೇನೂ ಇಲ್ಲ. ಚಂದ್ರನನ್ನು ಯಾವ ಕ್ಷಣದಲ್ಲಿ, ಯಾವ ಸ್ಥಳದಿಂದ, ಯಾವ ಸಾಧನದಿಂದ ಕೇಳಬೇಕು ಎಂಬುದರಲ್ಲಿ ಮಾತ್ರ ಅವು ಬೇರೆಯಾಗುತ್ತವೆ.

ಪಂಚಾಂಗ ಕೇಳುವ ಪ್ರಶ್ನೆ ಇದು: ಇಲ್ಲಿ ಸೂರ್ಯ ಹುಟ್ಟುವಾಗ ಯಾವ ತಿಥಿ ನಡೆಯುತ್ತಿದೆ? ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ದೂರ ಸರಿಯಲು ಬೇಕಾದ ಕಾಲವೇ ಒಂದು ತಿಥಿ. ಅದರ ಆದಿ, ಅಂತ್ಯಗಳು ಇಡೀ ಭೂಮಿಗೆ ಒಂದೇ ಕ್ಷಣ. ಸೂರ್ಯೋದಯ ಮಾತ್ರ ಊರಿನಿಂದ ಊರಿಗೆ ಬೇರೆ. ಯುಗಾದಿಗೆ ಚೈತ್ರ ಶುದ್ಧ ಪಾಡ್ಯವು ಉದಯಕಾಲದಲ್ಲಿ ಇರಬೇಕೆಂಬುದು ನಿಯಮ. 2025ರಲ್ಲಿ ಪಾಡ್ಯ ಗ್ರೀನಿಚ್ ಕಾಲ ಮಾರ್ಚ್ 29ರ 10:58ಕ್ಕೆ ಆರಂಭವಾಗಿ 30ರ 7:19ಕ್ಕೆ ಮುಗಿಯಿತು. ಚಂದ್ರನು ಆಗ ಭೂಮಿಗೆ ಅತಿ ಸಮೀಪದಲ್ಲಿದ್ದು ಶೀಘ್ರಗತಿಯಲ್ಲಿದ್ದುದರಿಂದ ಆ ತಿಥಿ ಇಪ್ಪತ್ತು ಗಂಟೆಗಿಂತ ಸ್ವಲ್ಪವೇ ಹೆಚ್ಚು ಕಾಲ ನಿಂತಿತು. ತಿಥಿಯೊಂದು ಇದಕ್ಕಿಂತ ಗಿಡ್ಡವಾಗುವುದು ಅಪರೂಪ.

ಬೆಂಗಳೂರಿನಲ್ಲಿ 30ರಂದು ಸೂರ್ಯೋದಯವಾದದ್ದು ಗ್ರೀನಿಚ್ ಕಾಲದಲ್ಲಿ ಹೇಳುವುದಾದರೆ ಸುಮಾರು 0:50ಕ್ಕೆ; ಆಗ ಪಾಡ್ಯ ನಡೆಯುತ್ತಿತ್ತು. ಲಂಡನ್ನಿನ ಸೂರ್ಯೋದಯ ಸುಮಾರು 5:40ಕ್ಕೆ. ಆಗಲೂ ಪಾಡ್ಯ ಉಳಿದಿತ್ತು, ಆದರೆ ಮುಗಿಯಲು ಒಂದೂವರೆ ಗಂಟೆಗಿಂತ ತುಸು ಹೆಚ್ಚು ಕಾಲವಷ್ಟೇ ಇತ್ತು. ಇನ್ನೂ ಪಶ್ಚಿಮಕ್ಕೆ ಹೋದರೆ ಲೆಕ್ಕ ತಿರುಗುತ್ತದೆ. ಷಿಕಾಗೋದಲ್ಲಿ 29ರ ಸೂರ್ಯೋದಯ ಗ್ರೀನಿಚ್ ಕಾಲ ಸುಮಾರು 11:40ಕ್ಕೆ. ಅಷ್ಟರಲ್ಲಿ ಅಮಾವಾಸ್ಯೆ ಕಳೆದು ಪಾಡ್ಯ ಬಂದಿತ್ತು. ಮರುದಿನದ ಸೂರ್ಯೋದಯದ ಹೊತ್ತಿಗೆ ಬಿದಿಗೆ ನಡೆಯುತ್ತಿತ್ತು. ಆದ್ದರಿಂದ ನಿಯಮವನ್ನು ಸ್ಥಳಕ್ಕೆ ಅನ್ವಯಿಸಿದರೆ ಷಿಕಾಗೋದ ಯುಗಾದಿ 29ಕ್ಕೆ, ಲಂಡನ್ನಿನದು ಮತ್ತು ಬೆಂಗಳೂರಿನದು 30ಕ್ಕೆ. ಊರಿನ ಪಂಚಾಂಗವನ್ನು ನೋಡಿ ಹಬ್ಬ ಮಾಡಿದ ಲಂಡನ್ನಿನ ಮನೆಗೆ ಆ ವರ್ಷ ದಿನ ಸರಿಯಾಗಿಯೇ ಬಂದಿತು. ಷಿಕಾಗೋದ ಮನೆಗೆ ಒಂದು ದಿನದ ವ್ಯತ್ಯಾಸವಾಯಿತು.

ಲಂಡನ್ನಿನ ಲೆಕ್ಕದಲ್ಲಿ ಇನ್ನೊಂದು ತೊಡಕೂ ಇತ್ತು. ಬೆಂಗಳೂರಿನ ಪಂಚಾಂಗದಲ್ಲಿ ಪಾಡ್ಯದ ಅಂತ್ಯ ಮಧ್ಯಾಹ್ನ 12:49 ಎಂದಿದ್ದರೆ ಅದರಿಂದ ಐದೂವರೆ ಗಂಟೆ ಕಳೆದು 7:19 ಎಂದು ತಿಳಿಯುವುದು ವಾಡಿಕೆ. ಆದರೆ ಬ್ರಿಟನ್ನಿನ ಗಡಿಯಾರಗಳು ಅದೇ 30ರ ನಸುಕಿನ ಒಂದು ಗಂಟೆಗೆ ಬೇಸಿಗೆಯ ಕಾಲಕ್ಕೆ ಮುಂದೆ ಸರಿದಿದ್ದವು. ಹೀಗಾಗಿ ಗೋಡೆಯ ಗಡಿಯಾರದಲ್ಲಿ ಪಾಡ್ಯ ಮುಗಿದದ್ದು 8:19ಕ್ಕೆ, ಸೂರ್ಯ ಹುಟ್ಟಿದ್ದು ಸುಮಾರು 6:40ಕ್ಕೆ. ಎರಡನ್ನೂ ಒಂದೇ ಕಾಲಮಾನಕ್ಕೆ ತಾರದೆ ಹೋಲಿಸಿದರೆ ಉಳಿದಿದ್ದ ಅಂತರ ಮುಕ್ಕಾಲು ಗಂಟೆಗೂ ಕಡಿಮೆಯೆಂದು ತೋರುತ್ತದೆ. ಅಂತರ ಕಿರಿದಾದ ವರ್ಷದಲ್ಲಿ ಇದೇ ತಪ್ಪು ಹಬ್ಬವನ್ನೇ ಹಿಂದುಮುಂದಾಗಿಸಬಲ್ಲದು.

ಇಸ್ಲಾಮೀ ಪರಂಪರೆಯ ಪ್ರಶ್ನೆ ಬೇರೆ: ಸೂರ್ಯಾಸ್ತದ ಬಳಿಕ ಎಳೆಚಂದ್ರ ಕಂಡಿತೆ? ಇಲ್ಲಿ ಯುತಿಯ ಕ್ಷಣ ಸಾಲದು, ಅದರಾಚೆಗೆ ಚಂದ್ರನು ಕಾಣುವಷ್ಟು ಬೆಳೆಯಬೇಕು. 29ರ ಸಂಜೆ ಮಕ್ಕಾದಲ್ಲಿ ಸೂರ್ಯ ಮುಳುಗುವಾಗ ಚಂದ್ರನ ವಯಸ್ಸು ಐದು ಗಂಟೆಯೂ ಆಗಿರಲಿಲ್ಲ. ಲಂಡನ್ನಿನ ಸೂರ್ಯಾಸ್ತಕ್ಕೆ ಏಳೂವರೆ ಗಂಟೆ ಆಗಿತ್ತು. ಇಷ್ಟು ಎಳೆಯ ಚಂದ್ರನನ್ನು ಬರಿಗಣ್ಣು ಹಿಡಿಯಲಾರದೆಂಬುದು ಖಗೋಳಜ್ಞರ ಮತ. ಸೌದಿ ಅರೇಬಿಯಾ ತನ್ನ ನೆಲದ ಸಾಕ್ಷ್ಯವನ್ನು ಆಧರಿಸಿ 30ರಂದು ಈದ್ ಘೋಷಿಸಿತು. ಮೊರಾಕ್ಕೊ ಮತ್ತು ಭಾರತ 31ರಂದು ಆಚರಿಸಿದವು. ಲಂಡನ್ನಿನಲ್ಲಿ ಸೌದಿ ಘೋಷಣೆಯನ್ನು ಅನುಸರಿಸುವ ಮಸೀದಿಗಳೂ ಇವೆ, ಸಮೀಪದ ದೇಶಗಳ ಚಂದ್ರದರ್ಶನಕ್ಕೆ ಕಾಯುವ ಮಸೀದಿಗಳೂ ಇವೆ. ಒಂದೇ ನಗರದಲ್ಲಿ ಎರಡು ದಿನಗಳು ಬಂದದ್ದು ಇದರಿಂದಲೇ. ಇಲ್ಲಿನ ವಿವಾದ ಗಣಿತದ್ದಲ್ಲ, ಯಾವ ಸ್ಥಳದ ಸಾಕ್ಷ್ಯ ಯಾರಿಗೆ ಪ್ರಮಾಣ ಎಂಬುದರದು. ಈ ಕ್ರಮದಲ್ಲಿ ಅಧಿಕಮಾಸವಿಲ್ಲವಾದ್ದರಿಂದ ಈದ್ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಯುಗಾದಿಯ ನೆರೆಗೆ ಅದು ಬರುವುದು ಸುಮಾರು ಮೂವತ್ತಮೂರು ವರ್ಷಗಳಿಗೊಮ್ಮೆ, ಎರಡು ಮೂರು ವರ್ಷಗಳ ಮಟ್ಟಿಗೆ.

ಯಹೂದಿ ಪಂಚಾಂಗವು ಕಣ್ಣನ್ನೂ ಕೇಳುವುದಿಲ್ಲ, ಸ್ಥಳದ ಉದಯವನ್ನೂ ಕೇಳುವುದಿಲ್ಲ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಪಂಚಾಂಗದ ಅಮಾವಾಸ್ಯೆ ಸ್ಫುಟ, ಯಹೂದಿಗಳದು ಮಧ್ಯಮ. ಗಂಟೆಯನ್ನು 1080 ಭಾಗಗಳಾಗಿ ಒಡೆದು, ಒಂದು ಮಾಸ 29 ದಿನ 12 ಗಂಟೆ 793 ಭಾಗ ಎಂಬ ಒಂದೇ ಮಾನದಿಂದ ಅವರು ಎಲ್ಲ ಮಾಸಾರಂಭಗಳನ್ನೂ ಗಣಿಸುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಏಳು ಅಧಿಕಮಾಸಗಳನ್ನು ಸೇರಿಸುತ್ತಾರೆ. ಶರತ್ಕಾಲದ ವರ್ಷಾರಂಭವು ಭಾನುವಾರ, ಬುಧವಾರ, ಶುಕ್ರವಾರಗಳಂದು ಬೀಳದಂತೆ ಮುಂದೂಡುವ ನಿಯಮವೂ ಉಂಟು. ನಿಸಾನಿನ ಮೊದಲ ದಿನದಿಂದ ಆ ವರ್ಷಾರಂಭಕ್ಕೆ ಯಾವಾಗಲೂ 177 ದಿನ. 2025ರ ವರ್ಷಾರಂಭ ಸೆಪ್ಟೆಂಬರ್ 23, ಮಂಗಳವಾರ. ಅಲ್ಲಿಂದ 177 ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ 30 ದೊರೆಯುತ್ತದೆ. ಲಂಡನ್ನಿಗೂ ಜೆರುಸಲೇಮಿಗೂ ದಿನಾಂಕ ಒಂದೇ. ಆದರೂ ಪೆಸಾಹ್ ಇಸ್ರೇಲಿನಲ್ಲಿ ಏಳು ದಿನವಾದರೆ ಲಂಡನ್ನಿನ ಸಂಪ್ರದಾಯನಿಷ್ಠರಲ್ಲಿ ಎಂಟು ದಿನ. ಚಂದ್ರದರ್ಶನದ ಸುದ್ದಿ ದೂತರ ಮೂಲಕ ದೂರದ ಊರುಗಳಿಗೆ ತಡವಾಗಿ ತಲುಪುತ್ತಿದ್ದ ಕಾಲದ ಸಂದೇಹ ಆ ಹೆಚ್ಚುವರಿ ದಿನದಲ್ಲಿ ಉಳಿದುಕೊಂಡಿದೆ.

ಈಸ್ಟರ್ ನಿರ್ಣಯ ಆಕಾಶದಿಂದ ಇನ್ನೂ ಒಂದು ಹೆಜ್ಜೆ ದೂರ. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಈಸ್ಟರ್. ಆದರೆ ಆ ಹುಣ್ಣಿಮೆ ಕೋಷ್ಟಕದ ಹುಣ್ಣಿಮೆ. 1750ರ ಬ್ರಿಟಿಷ್ ಶಾಸನವು ಈ ಕೋಷ್ಟಕವನ್ನು ದೇಶದ ಕಾನೂನಾಗಿಸಿತು. 2025ನ್ನು ಹತ್ತೊಂಬತ್ತರಿಂದ ಭಾಗಿಸಿದರೆ ಶೇಷ 11. ಅದಕ್ಕೆ ಒಂದು ಕೂಡಿಸಿದರೆ 12. ಹನ್ನೆರಡನೆಯ ಸಾಲಿನಲ್ಲಿ ಹುಣ್ಣಿಮೆ ಏಪ್ರಿಲ್ 13 ಎಂದಿದೆ. ಅದು ಭಾನುವಾರವೇ ಆಗಿತ್ತು. ಹುಣ್ಣಿಮೆ ಭಾನುವಾರವೇ ಬಿದ್ದರೆ ಮುಂದಿನ ಭಾನುವಾರವನ್ನು ಹಿಡಿಯಬೇಕೆಂಬ ವಿಧಿಯಿಂದ ಈಸ್ಟರ್ ಏಪ್ರಿಲ್ 20ಕ್ಕೆ ಹೋಯಿತು. ನಿಜವಾದ ಪೂರ್ಣಿಮಾಂತವೂ ಗ್ರೀನಿಚ್ ಕಾಲ 13ರ 0:22ಕ್ಕೇ ಸಂಭವಿಸಿತ್ತು. ಬೆಂಗಳೂರಿನಲ್ಲಾದರೋ ಆ ಕ್ಷಣ 13ರ ಸೂರ್ಯೋದಯಕ್ಕೆ ಮೊದಲೇ ಕಳೆದದ್ದರಿಂದ ಪಂಚಾಂಗದ ಚೈತ್ರ ಹುಣ್ಣಿಮೆ 12ಕ್ಕೆ ನಿಂತಿತು.

ಉದಯದ ನಿಯಮ ಎಲ್ಲಿ ಸೋಲುತ್ತದೆಂಬುದು 2026ರಲ್ಲಿ ಕಾಣುತ್ತದೆ. ಆ ವರ್ಷ ಅಮಾವಾಸ್ಯೆ ಮುಗಿಯುವುದು ಮಾರ್ಚ್ 19ರಂದು ಗ್ರೀನಿಚ್ ಕಾಲ 1:23ಕ್ಕೆ, ಭಾರತದ ಕಾಲ 6:53ಕ್ಕೆ. ಬೆಂಗಳೂರಿನಲ್ಲಿ ಸೂರ್ಯ ಅದಕ್ಕೆ ಸುಮಾರು ಇಪ್ಪತ್ತೈದು ನಿಮಿಷ ಮೊದಲೇ ಹುಟ್ಟಿರುತ್ತಾನೆ. ಪಾಡ್ಯ ಮರುದಿನ ನಸುಕಿನ ಐದಕ್ಕೆ ಮೊದಲೇ ಮುಗಿಯುತ್ತದೆ. ಹೀಗೆ ಬೆಂಗಳೂರಿನಲ್ಲಿ ಪಾಡ್ಯಕ್ಕೆ ಯಾವ ಸೂರ್ಯೋದಯವೂ ದೊರೆಯದು, ಅದು ಕ್ಷಯತಿಥಿ. ಅಂಥಲ್ಲಿ ತಿಥಿ ಆರಂಭವಾದ ದಿನವನ್ನೇ ಹಿಡಿಯಬೇಕೆಂಬ ವಿಶೇಷವಿಧಿಯಿಂದ ಯುಗಾದಿ 19ಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಯ ಬಳಿಕ. ಅಲ್ಲಿ ಪಾಡ್ಯ ಉದಯಕ್ಕೆ ಇದ್ದೇ ಇರುವುದರಿಂದ ಸಾಮಾನ್ಯ ವಿಧಿಯಿಂದಲೇ 19 ದೊರೆಯುತ್ತದೆ. ದಿನಾಂಕ ಒಂದೇ, ಕಾರಣ ಬೇರೆ. ಉದಯದ ಅಮಾವಾಸ್ಯೆಯಾದರೋ ಲಂಡನ್ನಿನಲ್ಲಿ 18ಕ್ಕೆ, ಬೆಂಗಳೂರಿನಲ್ಲಿ 19ಕ್ಕೆ. ಎರಡು ಊರುಗಳಲ್ಲಿ ಹಬ್ಬದ ದಿನ ಒಂದೇ ಆಯಿತೆಂದ ಮಾತ್ರಕ್ಕೆ ಪಂಚಾಂಗವೂ ಒಂದೇ ಎಂದು ತಿಳಿಯಲಾಗದು.

ಕನ್ನಡ ಶಾಸನಗಳ ಕಾಲನಿರ್ಣಯದಲ್ಲಿಯೂ ತೊಡಕು ಇದೇ. ರಾಬರ್ಟ್ ಸೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ರಚಿಸಿದ ಭಾರತೀಯ ಪಂಚಾಂಗದ ಗ್ರಂಥ 1896ರಲ್ಲಿ ಲಂಡನ್ನಿನಿಂದಲೇ ಪ್ರಕಟವಾಯಿತು. ಅದರ ಕೋಷ್ಟಕಗಳು ಉಜ್ಜಯಿನಿಯ ಮಧ್ಯಮ ಸೂರ್ಯೋದಯಕ್ಕೆ ಸಿದ್ಧವಾದವು. ಬೇಲೂರಿನಲ್ಲಿ ವಿಷ್ಣುವರ್ಧನನು ಮಾಡಿಸಿದ ಪ್ರತಿಷ್ಠೆಯ ಕಾಲ ಶಕ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ಅದನ್ನು 1117ರ ಮಾರ್ಚ್ 10ಕ್ಕೆ ಹೊಂದಿಸಲಾಗಿದೆ. ಇಲ್ಲಿ ಕೋಷ್ಟಕವನ್ನು ತಿದ್ದದೆ ಬಳಸಿದರೂ ಹೆಚ್ಚಿನ ಅಪಾಯವಿಲ್ಲ: ಬೇಲೂರು ಬಹುಮಟ್ಟಿಗೆ ಉಜ್ಜಯಿನಿಯ ರೇಖೆಯ ಮೇಲೆಯೇ ಇದೆ, ಇಂದಿನ ಗಣನೆಯಲ್ಲಿ ಆ ದಿನ ಮಾರ್ಚ್ 17 ಆಗುವುದರಿಂದ ವಿಷುವಕ್ಕೆ ಸಮೀಪವೂ ಹೌದು, ಆಗ ಸ್ಫುಟೋದಯಕ್ಕೂ ಮಧ್ಯಮೋದಯಕ್ಕೂ ಅಂತರ ಕಡಿಮೆ.

ರೇಖೆಯಿಂದ ದೂರದ ಊರು, ಅಯನದ ಸಮೀಪದ ಋತು, ಉದಯದ ಹತ್ತಿರವೇ ಮುಗಿಯುವ ತಿಥಿ ಈ ಮೂರೂ ಕೂಡಿದಲ್ಲಿ ಕೋಷ್ಟಕದ ತಿಥಿ ಒಂದು ದಿನ ತಪ್ಪಬಹುದು. ಶಾಸನದ ತಿಥಿಗೂ ವಾರಕ್ಕೂ ಒಂದೇ ದಿನದ ವ್ಯತ್ಯಾಸ ಕಂಡಾಗ ಲಿಪಿಕಾರನ ತಪ್ಪೆಂದೋ ಶಾಸನ ಕೃತಕವೆಂದೋ ನಿರ್ಣಯಿಸುವ ಮೊದಲು ಆ ಸ್ಥಳದ ಉದಯಕ್ಕೆ ತಿಥಿಯನ್ನು ಮತ್ತೆ ಗಣಿಸಬೇಕು. ದಾನ ನಡೆದ ಗಳಿಗೆಯಲ್ಲಿ ನಡೆಯುತ್ತಿದ್ದ ತಿಥಿಯನ್ನೇ ಬರೆದಿರಬಹುದೆ ಎಂಬುದನ್ನೂ ನೋಡಬೇಕು. ಅಷ್ಟರಿಂದಲೂ ಹೊಂದದೆ ಎರಡು ಮೂರು ದಿನಗಳ ಅಂತರ ಉಳಿದರೆ ಸ್ಥಳವೂ ಉದಯವೂ ಅದಕ್ಕೆ ಕಾರಣವಾಗಲಾರವು. ಆಗ ಸಂದೇಹವನ್ನು ಶಾಸನದ ಪಾಠದ ಕಡೆಗೆ ತಿರುಗಿಸುವುದು ನ್ಯಾಯ.