ಮನೆ ಬಿಡುವ ಪತ್ರಕ್ಕೆ ಎರಡು ತಾರೀಖು

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವವರಿಗೆ ಸಾಮಾನು ಸಾಗಿಸುವುದಕ್ಕಿಂತ ದೊಡ್ಡ ಚಿಂತೆ ಅಡ್ವಾನ್ಸ್‌ನದು. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಇಲ್ಲಿನ ಹಳೆಯ ರೂಢಿ. ಅಷ್ಟು ಹಣವನ್ನು ಮಾಲೀಕರು ಬೀರುವಿನಲ್ಲಿ ಇಟ್ಟುಕೊಂಡಿರುವುದು ಅಪರೂಪ. ಮಹಡಿ ಕಟ್ಟುವುದಕ್ಕೋ ಮಗಳ ಮದುವೆಗೋ ಅದು ಯಾವತ್ತೋ ಖರ್ಚಾಗಿರುತ್ತದೆ. ಮುಂದಿನ ಬಾಡಿಗೆದಾರ ಕೊಡುವ ಅಡ್ವಾನ್ಸಿನಿಂದಲೇ ಹಿಂದಿನವರ ಲೆಕ್ಕ ತೀರಬೇಕು. ‘ಹೊಸಬರು ಬರಲಿ, ಕೊಡೋಣ’ ಎಂಬ ಮಾತು ಹುಟ್ಟುವುದು ಇಲ್ಲಿಂದ. ಇತ್ತ ಹೊಸ ಮನೆಯ ಓನರ್ ಅಡ್ವಾನ್ಸ್ ಕೊಡದೆ ಬೀಗದ ಕೈ ಕೊಡುವುದಿಲ್ಲ.

ಈ ಇಕ್ಕಟ್ಟು ಬರದಂತೆ ನೋಡಿಕೊಳ್ಳಬೇಕಾದದ್ದು ಮನೆ ಬಿಡುವ ದಿನ ಅಲ್ಲ, ನೋಟಿಸ್ ಬರೆಯುವ ದಿನ. ಹೆಚ್ಚಿನವರು ಪತ್ರದಲ್ಲಿ ಮನೆ ಬಿಡುವ ತಾರೀಖನ್ನು ಮಾತ್ರ ಬರೆದು, ‘ಅಡ್ವಾನ್ಸ್ ಬೇಗ ಕೊಡಿ’ ಎಂದು ಮುಗಿಸುತ್ತಾರೆ. ‘ಬೇಗ’ ಎಂಬುದು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಹಣ ಬರುವುದಕ್ಕೂ ಒಂದು ತಾರೀಖು ಬೇಕು.

ಮೊದಲು ಕರಾರುಪತ್ರ ತೆಗೆದು ನೋಟಿಸ್ ಅವಧಿ ಎಷ್ಟೆಂದು ನೋಡಿ. ಒಂದು ಅಥವಾ ಎರಡು ತಿಂಗಳು ಎಂದಿರುವುದು ಸಾಮಾನ್ಯ. ಕರಾರಿನಲ್ಲಿ ಏನೂ ಇಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನಗಳ ನೋಟಿಸ್ ಸಾಕು. ಆದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಎಣಿಸುವುದು ಪತ್ರ ಮಾಲೀಕರ ಕೈಸೇರಿದ ದಿನದಿಂದ.

ಒಂದು ಉದಾಹರಣೆ ನೋಡೋಣ. ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ 1,50,000. ಎರಡು ತಿಂಗಳ ನೋಟಿಸ್. ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದೆಂದು ಕರಾರು. ಸೆಪ್ಟೆಂಬರ್ 27ಕ್ಕೆ ಕೊಡುವ ಪತ್ರ ಹೀಗಿರಬಹುದು:

‘ಮಾನ್ಯರೇ, ನಮಸ್ಕಾರ. ನಾಲ್ಕು ವರ್ಷ ನಿಮ್ಮ ಮನೆಯಲ್ಲಿ ನೆಮ್ಮದಿಯಿಂದ ಇದ್ದೆವು. ನನ್ನ ಕೆಲಸ ಬೇರೆ ಕಡೆಗೆ ವರ್ಗವಾಗಿರುವುದರಿಂದ ನವೆಂಬರ್ 30ರಂದು ಮನೆ ಖಾಲಿ ಮಾಡುತ್ತೇವೆ. ಕರಾರಿನ ಎರಡು ತಿಂಗಳ ನೋಟಿಸ್ ಎಂದು ಈ ಪತ್ರವನ್ನು ಪರಿಗಣಿಸಬೇಕಾಗಿ ವಿನಂತಿ. ನಾವು ಕೊಟ್ಟಿರುವ 1,50,000 ರೂಪಾಯಿ ಅಡ್ವಾನ್ಸಿನಲ್ಲಿ ಪೇಂಟಿಂಗ್‌ಗೆಂದು 18,000 ಕಳೆದು 1,32,000 ಉಳಿಯುತ್ತದೆ. ಅದರಲ್ಲಿ ಒಂದು ಲಕ್ಷವನ್ನು ಬೀಗದ ಕೈ ಒಪ್ಪಿಸುವ ದಿನವೇ, ಉಳಿದದ್ದನ್ನು ಕೊನೆಯ ಕರೆಂಟ್ ಬಿಲ್ ಕಳೆದು ಡಿಸೆಂಬರ್ 10ರೊಳಗೆ ನನ್ನ ಖಾತೆಗೆ ಹಾಕಿದರೆ ಉಪಕಾರವಾಗುತ್ತದೆ. ಈ ದಿನಾಂಕಗಳು ನಿಮಗೆ ಅನುಕೂಲವಿಲ್ಲದಿದ್ದರೆ ಬೇರೆ ದಿನಾಂಕ ತಿಳಿಸಿ. ಮನೆ ನೋಡಲು ಬರುವವರಿಗೆ ಭಾನುವಾರಗಳಂದು ತೋರಿಸಲು ನಮ್ಮ ಅಭ್ಯಂತರವಿಲ್ಲ.’

ಈ ಪತ್ರದಲ್ಲಿ ಗದರಿಕೆ ಇಲ್ಲ, ಕಾಯ್ದೆಯ ಹೆಸರೂ ಇಲ್ಲ. ಆದರೆ ಮಾಲೀಕರು ‘ಆಗಲಿ’ ಎಂದರೂ ‘ಡಿಸೆಂಬರ್ 20ರವರೆಗೆ ಟೈಮ್ ಕೊಡಿ’ ಎಂದರೂ ಒಂದು ದಿನಾಂಕ ಗೊತ್ತಾಗುತ್ತದೆ. ಕೊನೆಯ ಸಾಲು ಬರೀ ಸೌಜನ್ಯವೂ ಅಲ್ಲ: ಹೊಸ ಬಾಡಿಗೆದಾರ ಬೇಗ ಸಿಕ್ಕಷ್ಟೂ ನಿಮ್ಮ ಹಣವೂ ಬೇಗ ಬರುತ್ತದೆ. ಪತ್ರವನ್ನು ಕೈಯಲ್ಲೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ‘ತಲುಪಿದೆ’ ಎಂದು ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಿ. ಸಹಿಗೆ ಮುಜುಗರವಾದರೆ ಸ್ಪೀಡ್ ಪೋಸ್ಟ್ ಮಾಡಿ, ಅದರ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲೂ ಕಳಿಸಿ.

ಮಾಲೀಕರ ಕೈಯಲ್ಲಿ ನಿಜವಾಗಿಯೂ ಹಣವಿಲ್ಲದಿದ್ದರೆ ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಕೇಳಬಹುದು. ಇಲ್ಲಿ 36,000 ರೂಪಾಯಿ ಹಾಗೆಯೇ ತೀರುತ್ತದೆ. ಆದರೆ ಅವರು ಬರಹದಲ್ಲಿ ಒಪ್ಪುವ ಮೊದಲೇ ಬಾಡಿಗೆ ನಿಲ್ಲಿಸಿದರೆ ಕರಾರು ಮುರಿದವರು ನೀವಾಗುತ್ತೀರಿ.

ಜಗಳ ಹುಟ್ಟುವುದು ಹೆಚ್ಚಾಗಿ ರಿಪೇರಿಯ ಲೆಕ್ಕದಲ್ಲಿ. ವಾಸದಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲವೆಂಬುದು ಅದೇ ಕಾಯ್ದೆಯ 108ನೇ ಕಲಂನ ತಿರುಳು. ಮಾಸಿದ ಗೋಡೆ ಸವೆತ. ಒಡೆದ ವಾಶ್ ಬೇಸಿನ್ ಸವೆತವಲ್ಲ. ಪೇಂಟಿಂಗ್ ಹಣ ಕೊಡಲು ಕರಾರಿನಲ್ಲೇ ಒಪ್ಪಿದ್ದರೆ ಮಾತ್ರ ಅದು ಬೇರೆ ಮಾತು. ಬಿಡುವ ದಿನ ಖಾಲಿ ಕೋಣೆಗಳ, ನಲ್ಲಿಗಳ, ಮೀಟರ್ ರೀಡಿಂಗಿನ ವಿಡಿಯೋ ಮಾಡಿಕೊಳ್ಳಿ. ಕಡಿತವೇನಿದ್ದರೂ ಬಿಲ್ ಕೇಳಿ. ನಮ್ಮ ಉದಾಹರಣೆಯಲ್ಲಿ ಕರೆಂಟಿಗೆ 1,340, ಮುರಿದ ನಲ್ಲಿಗೆ 600 ಎಂದಾದರೆ ಎರಡನೇ ಕಂತು 30,060 ಬರಬೇಕು.

ಹಣ ಬರುವವರೆಗೆ ಬೀಗದ ಕೈ ಇಟ್ಟುಕೊಳ್ಳುತ್ತೇನೆ ಎನ್ನುವವರಿದ್ದಾರೆ. ಅಲ್ಲಿಯವರೆಗಿನ ಬಾಡಿಗೆಯನ್ನು ಅಡ್ವಾನ್ಸಿನಲ್ಲೇ ಹಿಡಿಯಲು ಮಾಲೀಕರಿಗೆ ಅದೇ ನೆಪವಾಗುತ್ತದೆ. ಹೇಳಿದ ದಿನ ಕೀ ಒಪ್ಪಿಸಿ, ‘ಕೀ ತಲುಪಿದೆ, ಬಾಕಿ ಇಷ್ಟು, ಇಂಥ ದಿನ ಕೊಡುತ್ತೇನೆ’ ಎಂದು ಎರಡು ಸಾಲು ಬರೆಸಿಕೊಳ್ಳುವುದು ಲೇಸು. ಮುಂದೆ ವಕೀಲರ ನೋಟಿಸ್ ಕಳಿಸುವ ಹಂತ ಬಂದರೂ ಅವರು ಮೊದಲು ಕೇಳುವುದು ಆ ಚೀಟಿಯನ್ನೇ.