ಲ್ಯಾಬಿನ ಬೋರ್ಡಿಗೆ ಎಂಥ ಫೋಟೊ ಹಾಕಬೇಕು?

ಹೊಸದಾಗಿ ತೆರೆದ ರಕ್ತಪರೀಕ್ಷೆಯ ಲ್ಯಾಬುಗಳ ಫ್ಲೆಕ್ಸಿನಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬಿಳಿ ಕೋಟು ತೊಟ್ಟವರು ಸಿರಿಂಜನ್ನು ಮೇಲಕ್ಕೆತ್ತಿ ಹಿಡಿದಿರುತ್ತಾರೆ, ಸೂಜಿಯ ತುದಿಯಿಂದ ಹನಿಯೊಂದು ಚಿಮ್ಮುತ್ತಿರುತ್ತದೆ. ಅದು ಇಂಜೆಕ್ಷನ್ ಕೊಡುವ ಮುನ್ನ ಗಾಳಿ ಹೊರಹಾಕುವ ರೀತಿ. ರಕ್ತ ತೆಗೆಯಲು ಬಂದವರ ಸಿರಿಂಜಿನಲ್ಲಿ ಔಷಧ ಇರುವುದೇ ಇಲ್ಲ. ಮೊದಲೇ ಸೂಜಿಗೆ ಹೆದರುವವರಿಗೆ ಈ ಚಿತ್ರ ಇನ್ನಷ್ಟು ಹೆದರಿಕೆ ಹುಟ್ಟಿಸುತ್ತದೆ, ಕೆಲಸ ಬಲ್ಲವರಿಗೆ ಆ ಲ್ಯಾಬಿನ ಮೇಲೆಯೇ ಅನುಮಾನ ಬರುತ್ತದೆ.

ಎಲ್ಲಿಂದಲೋ ತಂದ ಫೋಟೊಗಿಂತ ಆ ಲ್ಯಾಬಿನಲ್ಲೇ ತೆಗೆದ ಒಂದು ಫೋಟೊ ಎಷ್ಟೋ ಮೇಲು. ರೋಗಿಯ ಪಾತ್ರಕ್ಕೆ ಸಿಬ್ಬಂದಿಯಲ್ಲೇ ಒಬ್ಬರನ್ನು ಅವರ ಒಪ್ಪಿಗೆ ಪಡೆದು ಕೈ ಚಾಚಲು ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ. ಟೆಕ್ನಿಷಿಯನ್ ಕೈಗೆ ಗ್ಲೌಸ್ ಇರಲಿ. ತೋಳಿಗೆ ಕಟ್ಟುವ ಪಟ್ಟಿ ಸೂಜಿ ಚುಚ್ಚುವ ಜಾಗಕ್ಕಿಂತ ನಾಲ್ಕೈದು ಬೆರಳು ಮೇಲಿರಬೇಕು. ಮಣಿಕಟ್ಟಿಗೋ ಭುಜದ ಹತ್ತಿರವೋ ಕಟ್ಟಿದ್ದರೆ ಬಲ್ಲವರಿಗೆ ಕೂಡಲೇ ಗೊತ್ತಾಗುತ್ತದೆ. ಆ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿದಿಟ್ಟರೆ ರಕ್ತದ ಕೆಲವು ಫಲಿತಾಂಶಗಳೇ ವ್ಯತ್ಯಾಸವಾಗುತ್ತವೆ. ಹಾಗಾಗಿ ಫೋಟೊಗ್ರಾಫರ್ ಬೆಳಕು, ಕೋನ ಎಲ್ಲವನ್ನೂ ಸರಿಮಾಡಿಕೊಂಡ ಮೇಲೆಯೇ ಅದನ್ನು ಕಟ್ಟಿಸಬೇಕು. ಫೋಟೊಕ್ಕಾಗಿ ಯಾರಿಗೂ ಸೂಜಿ ಚುಚ್ಚಬೇಕಿಲ್ಲ. ರಕ್ತ ತೆಗೆದಾದ ಮೇಲೆ ಮೊಣಕೈ ಒಳಭಾಗಕ್ಕೆ ಹತ್ತಿ ಒತ್ತಿ ಹಿಡಿದ ಕ್ಷಣ ಎಲ್ಲಕ್ಕಿಂತ ಒಳ್ಳೆಯದು. ಸೂಜಿ ಕಾಣುವುದಿಲ್ಲ, ನಡೆದ ಕೆಲಸ ಏನೆಂದು ಎಲ್ಲರಿಗೂ ತಿಳಿಯುತ್ತದೆ.

ಮೇಜಿನ ಮೇಲೆ ಟ್ಯೂಬುಗಳನ್ನು ಇಡುವಾಗ ಮುಚ್ಚಳದ ಬಣ್ಣ ನೋಡಿ ಇಡಬೇಕು, ಅಂದಕ್ಕೆಂದು ಬೇಕಾದ ಬಣ್ಣ ಜೋಡಿಸುವಂತಿಲ್ಲ. ರಕ್ತಕಣಗಳ ಎಣಿಕೆಗೆ ನೇರಳೆ ಮುಚ್ಚಳ, ಸಕ್ಕರೆಗೆ ಸಾಮಾನ್ಯವಾಗಿ ಬೂದು, ಹೆಪ್ಪುಗಟ್ಟುವಿಕೆಯ ಪರೀಕ್ಷೆಗೆ ತಿಳಿನೀಲಿ. ‘ಶುಗರ್ ಟೆಸ್ಟ್’ ಎಂದು ಬರೆದು ಪಕ್ಕದಲ್ಲಿ ತಿಳಿನೀಲಿ ಮುಚ್ಚಳದ ಟ್ಯೂಬ್ ತೋರಿಸಿದರೆ ತಪ್ಪು ತಪ್ಪೇ. ಲೇಬಲ್ಲಿನಲ್ಲಿ ನಿಜವಾದ ರೋಗಿಯ ಹೆಸರಾಗಲಿ ಬಾರ್‌ಕೋಡ್ ಆಗಲಿ ಕಾಣಕೂಡದು, ಹಾಗೆಂದು ಸುಳ್ಳು ಹೆಸರು, ಸುಳ್ಳು ಅಂಕಿ ಬರೆಯುವುದೂ ಬೇಡ. ಟ್ಯೂಬನ್ನು ಅರ್ಧ ಸುತ್ತು ತಿರುಗಿಸಿ ಲೇಬಲ್ ಹಿಂದಕ್ಕೆ ಹೋಗುವಂತೆ ಇಟ್ಟರೆ ಮುಗಿಯಿತು. ಹಿನ್ನೆಲೆಯಲ್ಲಿ ಕಸದ ಡಬ್ಬಿಗಳು ಬರುವುದಾದರೆ ಅವೂ ಸರಿಯಿರಲಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗ್ಲೌಸ್ ಕೆಂಪು ಚೀಲಕ್ಕೆ, ರಕ್ತ ಮೆತ್ತಿದ ಹತ್ತಿ ಹಳದಿ ಚೀಲಕ್ಕೆ ಹೋಗಬೇಕು.

ಚಿತ್ರದಲ್ಲಿ ಶುಚಿ ಕಾಣಬೇಕಾದರೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಬೇಕೆಂದೇನಿಲ್ಲ. ಕೆಲವು ಟ್ಯೂಬ್‌ಲೈಟುಗಳ ಬೆಳಕಿನಲ್ಲಿ ಬಿಳಿ ಗೋಡೆ ಫೋಟೊದಲ್ಲಿ ಹಸಿರಾಗುತ್ತದೆ, ಮನುಷ್ಯರ ಮುಖ ಕಳೆಗುಂದುತ್ತದೆ. ದೀಪ ಆರಿಸಿ, ಬೆಳಗಿನ ಹೊತ್ತು ಕಿಟಕಿಯ ಬೆಳಕಿನಲ್ಲಿ ತೆಗೆದರೆ ಬಿಳಿ ಬಿಳಿಯಾಗಿಯೇ ಬರುತ್ತದೆ, ಚರ್ಮದ ಬಣ್ಣವೂ ಸಹಜವಾಗಿರುತ್ತದೆ. ಕ್ಯಾಮೆರಾ ಕುಳಿತ ರೋಗಿಯ ಕಣ್ಣಿನ ಎತ್ತರಕ್ಕೆ ಇರಲಿ, ಮೇಲಿನಿಂದ ತೆಗೆದರೆ ರೋಗಿ ಕುಗ್ಗಿದಂತೆ ಕಾಣುತ್ತಾರೆ.

ಎಕ್ಸ್‌ರೇ ಚಿತ್ರದಲ್ಲಿ ಆಗುವ ತಪ್ಪು ಇನ್ನೊಂದು ಬಗೆಯದು, ಅದು ಡಿಸೈನ್ ಮೇಜಿನಲ್ಲಿ ಹುಟ್ಟುತ್ತದೆ. ಡಾಕ್ಟರ ಮುಖ ಅಕ್ಷರಗಳ ಕಡೆ ತಿರುಗಿರಲಿ ಎಂದು ಡಿಸೈನರ್ ಇಡೀ ಫೋಟೊವನ್ನೇ ಎಡಬಲ ಮಗುಚುತ್ತಾರೆ. ಅದರೊಂದಿಗೆ ಹಿಂದೆ ತೂಗುಹಾಕಿದ ಎದೆಯ ಫಿಲ್ಮೂ ಮಗುಚಿಕೊಳ್ಳುತ್ತದೆ. ಎದೆಯ ಎಕ್ಸ್‌ರೇಯನ್ನು ರೋಗಿ ನಮ್ಮೆದುರು ನಿಂತಿದ್ದಾರೆ ಎಂಬಂತೆ ನೋಡುವುದು ರೂಢಿ. ಅಂದರೆ ರೋಗಿಯ ಎಡ ನಮ್ಮ ಬಲಕ್ಕೆ ಬರುತ್ತದೆ, ಹೃದಯದ ನೆರಳು ಹೆಚ್ಚಾಗಿ ನಮ್ಮ ಬಲಕ್ಕೇ ಚಾಚಿರುತ್ತದೆ. ಅದು ನಮ್ಮ ಎಡಕ್ಕೆ ಚಾಚಿದ್ದರೆ ಒಂದೋ ಹೃದಯ ಬಲಗಡೆಯಿರುವ ಅಪರೂಪದ ವ್ಯಕ್ತಿಯ ಫಿಲ್ಮ್ ಅದು, ಇಲ್ಲವೇ ಚಿತ್ರ ಮಗುಚಿದೆ. ಫಿಲ್ಮಿನ ಮೂಲೆಯಲ್ಲಿರುವ ‘ಎಲ್’ ಅಥವಾ ‘ಆರ್’ ಗುರುತು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ಸಂಶಯವೇ ಬೇಡ.

ಎಂಆರ್‌ಐ ಕೋಣೆಯ ಚಿತ್ರದಲ್ಲಂತೂ ಸಣ್ಣ ಸಡಿಲಿಕೆಯನ್ನೂ ಒಪ್ಪಬಾರದು. ಯಂತ್ರದ ಪಕ್ಕದಲ್ಲಿ ಕಬ್ಬಿಣದ ಆಕ್ಸಿಜನ್ ಸಿಲಿಂಡರ್, ಮಾಮೂಲಿ ಗಾಲಿಕುರ್ಚಿ, ಡಾಕ್ಟರ ಕೊರಳಲ್ಲಿ ಸ್ಟೆತೊಸ್ಕೋಪ್ ಇವೆಲ್ಲ ಚಿತ್ರ ತುಂಬಲೆಂದು ಬಂದು ಸೇರುತ್ತವೆ. ಸ್ಕ್ಯಾನ್ ನಡೆಯದಿದ್ದಾಗಲೂ ಆ ಯಂತ್ರದ ಅಯಸ್ಕಾಂತ ಕೆಲಸ ಮಾಡುತ್ತಲೇ ಇರುತ್ತದೆ. 2018ರಲ್ಲಿ ಮುಂಬಯಿಯಲ್ಲಿ ಸಂಬಂಧಿಕರ ಜೊತೆ ಬಂದಿದ್ದ ಯುವಕನೊಬ್ಬ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದಾಗ ಯಂತ್ರ ಸೆಳೆದುಕೊಂಡು ಪ್ರಾಣ ಹೋಯಿತು. ಗೋಡೆಯ ಮೇಲೆ ಸಿಲಿಂಡರ್ ಸಮೇತ ಚಿತ್ರ ನೋಡಿದವರಿಗೆ, ಒಳಗೆ ಒಯ್ಯಬೇಡಿ ಎಂದು ಬಾಗಿಲಲ್ಲಿ ಹೇಳುವ ಮಾತು ಹೇಗೆ ನಾಟಬೇಕು? ಆದ್ದರಿಂದ ಮುದ್ರಣಕ್ಕೆ ಕಳಿಸುವ ಮುನ್ನ ಆ ಚಿತ್ರವನ್ನು ಎಂಆರ್‌ಐ ನಡೆಸುವ ಟೆಕ್ನಿಷಿಯನ್‌ಗೇ ತೋರಿಸಬೇಕು, ಎಕ್ಸ್‌ರೇಯದನ್ನು ರೇಡಿಯಾಲಜಿಸ್ಟರಿಗೆ, ಟ್ಯೂಬುಗಳದ್ದನ್ನು ದಿನವೂ ರಕ್ತ ತೆಗೆಯುವವರಿಗೆ.